ಪಟ್ಟಿ ತಿರುಗಿದಲ್ಲಿ ಹೊಳಪೂ ತಿರುಗಬೇಕು: ರೆಂಡರ್‌ನಲ್ಲಿ ಹೆರಿಂಗ್‌ಬೋನ್ ನೆಲ

ಪ್ರಶ್ನೆ: ಮನೆಗಳ ಒಳಾಂಗಣದ ರೆಂಡರ್ ಮಾಡುವುದು ನನ್ನ ಕೆಲಸ. ಬ್ಲೆಂಡರ್‌ನಲ್ಲಿ ಸೈಕಲ್ಸ್ ಬಳಸುತ್ತೇನೆ. ಈಗ ಕೈಯಲ್ಲಿರುವುದು 4.2 ಮೀಟರ್ ಅಗಲ, 6 ಮೀಟರ್ ಉದ್ದದ ಹಾಲ್. ಕೊನೆಯ ಗೋಡೆಯ ನಡುವೆ ದೊಡ್ಡ ಕಿಟಕಿ ಇದೆ. ಕ್ಯಾಮೆರಾ ಅದಕ್ಕೆ ನೇರ ಎದುರು, 1.2 ಮೀಟರ್ ಎತ್ತರದಲ್ಲಿದೆ. ನೆಲಕ್ಕೆ ಓಕ್ ಹೆರಿಂಗ್‌ಬೋನ್ ಟೆಕ್ಸ್ಚರ್ ಹಾಕಿದ್ದೇನೆ, ಆದರೆ ಅದು ಮರದ ಚಿತ್ರ ಅಚ್ಚು ಹಾಕಿದ ಪ್ಲಾಸ್ಟಿಕ್ ಹಾಳೆಯಂತೆ ಕಾಣುತ್ತದೆ. 8K ಟೆಕ್ಸ್ಚರ್ ತಂದರೂ ವ್ಯತ್ಯಾಸವಾಗಲಿಲ್ಲ. ಗೆಳೆಯರೊಬ್ಬರು ಹೊಳಪು ಹೆಚ್ಚಿಸು ಅಂದರು. ಹೆಚ್ಚಿಸಿದರೆ ಕಿಟಕಿಯ ಪ್ರತಿಬಿಂಬ ಬಿಳಿ ಪಟ್ಟೆಯಾಗಿ ಅರ್ಧ ನೆಲವನ್ನೇ ನುಂಗುತ್ತದೆ. ದಿಕ್ಕು ಬದಲಿಸಲು ಟೆಕ್ಸ್ಚರ್ ತಿರುಗಿಸಿದಾಗ ಬೆಳಕು ಇನ್ನೂ ವಿಚಿತ್ರವಾಯಿತು. ಇದೇ ಕೋಣೆಗೆ ಅಗಲ ಹಲಗೆಯ ನೆಲವನ್ನೂ ತೋರಿಸಬೇಕಾಗಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ಟೆಕ್ಸ್ಚರ್ ಚೆನ್ನಾಗಿಯೇ ಇರಬಹುದು. ಅದರಲ್ಲಿ ಇಲ್ಲದ್ದನ್ನು ಅದರಿಂದ ನಿರೀಕ್ಷಿಸುತ್ತಿದ್ದೀರಿ, ಅಷ್ಟೆ. ನಿಜವಾದ ಹೆರಿಂಗ್‌ಬೋನ್ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡಿ. ಈಗ ತಿಳಿಯಾಗಿ ಕಂಡ ಪಟ್ಟಿಗಳು ಆಚೆ ಬದಿಗೆ ಹೋದೊಡನೆ ಕಪ್ಪಾಗುತ್ತವೆ, ಕಪ್ಪಾಗಿದ್ದವು ಬೆಳಗುತ್ತವೆ. ಮರ ಅದೇ, ಬಣ್ಣ ಅದೇ, ಬದಲಾದದ್ದು ನೀವು ನಿಂತ ಜಾಗ ಮಾತ್ರ. ಈ ಆಟವನ್ನು ಚಿತ್ರದ ಫೈಲ್ ಹಿಡಿದಿಡಲಾರದು. ಫೋಟೊ ತೆಗೆದ ಗಳಿಗೆಯ ಬೆಳಕು ಅದರಲ್ಲಿ ಗಟ್ಟಿಯಾಗಿ ಕೂತಿರುತ್ತದೆ. 8K ಆದರೂ 16K ಆದರೂ ಆ ಒಂದೇ ಗಳಿಗೆಯನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ, ಬೇರೇನೂ ಮಾಡುವುದಿಲ್ಲ.

ಹೀಗೇಕೆ ಆಗುತ್ತದೆ ಎಂದು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಮರ ಅಂದರೆ ಒಂದೇ ದಿಕ್ಕಿಗೆ ಮಲಗಿದ ಕೋಟ್ಯಂತರ ಸಣ್ಣ ನಾಳಗಳ ಕಟ್ಟು. ಮೇಲೆ ವಾರ್ನಿಷ್ ಅಥವಾ ಎಣ್ಣೆಯ ತೆಳು ಪದರ ಇರುತ್ತದೆ. ಬೆಳಕು ಬಿದ್ದಾಗ ಎರಡು ಬೇರೆ ಬೇರೆ ಹೊಳಪು ಹುಟ್ಟುತ್ತವೆ. ಮೊದಲನೆಯದು ಮೇಲಿನ ಪದರದ ಹೊಳಪು. ಅದು ಗಾಜಿನಂತೆ, ಬಣ್ಣವಿಲ್ಲದ್ದು, ಎಳೆಯ ದಿಕ್ಕಿನ ಗೊಡವೆ ಅದಕ್ಕಿಲ್ಲ. ಎರಡನೆಯದು ಪದರದೊಳಗೆ ನುಗ್ಗಿದ ಬೆಳಕು ಎಳೆಗಳಿಗೆ ತಾಗಿ ಮರಳುವಾಗ ಬರುವ ಹೊಳಪು. ಅದಕ್ಕೆ ಮರದ ಬಣ್ಣ ಮೆತ್ತಿಕೊಂಡಿರುತ್ತದೆ, ಮತ್ತು ಕೂದಲಿನ ಮೇಲಿನ ಮಿನುಗಿನಂತೆ ಅದು ಎಳೆಗೆ ಅಡ್ಡಲಾಗಿ ಹರಡುತ್ತದೆ. 2005ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೀವ್ ಮಾರ್ಶ್‌ನರ್ ಮತ್ತು ಸಂಗಡಿಗರು ಮೆರುಗು ಹಚ್ಚಿದ ಮರವನ್ನು ಅಳೆದು, ಈ ಎರಡನೆಯ ಹೊಳಪು ಕನ್ನಡಿಯ ನಿಯಮಕ್ಕೆ ಒಳಪಡದೆ ಎಳೆಯ ಸುತ್ತ ಶಂಕುವಿನ ಆಕಾರದಲ್ಲಿ ಹರಡುತ್ತದೆ ಎಂದು ತೋರಿಸಿದರು. ಹೆರಿಂಗ್‌ಬೋನ್‌ನಲ್ಲಿ ಅಕ್ಕಪಕ್ಕದ ಎರಡು ಪಟ್ಟಿಗಳ ಎಳೆ ಒಂದಕ್ಕೊಂದು ಲಂಬ. ಆದ್ದರಿಂದ ಒಂದು ಪಟ್ಟಿಯ ಮಿನುಗು ನಿಮ್ಮ ಕಣ್ಣಿಗೆ ಬಿದ್ದಾಗ ಇನ್ನೊಂದರದು ಬೇರೆಡೆಗೆ ಹೋಗಿರುತ್ತದೆ.

"ಹೆರಿಂಗ್‌ಬೋನ್‌ಗೆ ಎರಡು ಛಾಯೆಯ ಮರ ಬೇಕು" ಎನ್ನುವ ಮಾತು ಬಂದದ್ದು ಇಲ್ಲಿಂದಲೇ. ಎಷ್ಟೋ ರೆಡಿಮೇಡ್ ಟೆಕ್ಸ್ಚರ್‌ಗಳಲ್ಲಿ ಒಂದು ದಿಕ್ಕಿನ ಪಟ್ಟಿ ತಿಳಿ, ಇನ್ನೊಂದು ದಿಕ್ಕಿನದು ಗಾಢ ಎಂದು ಬಣ್ಣವನ್ನೇ ಬಳಿದಿರುತ್ತಾರೆ. ಕ್ಯಾಮೆರಾ ಎಲ್ಲಿಗೆ ಹೋದರೂ ಆ ತಿಳಿ-ಗಾಢ ಕದಲುವುದಿಲ್ಲ. ಕಣ್ಣಿಗೆ ಕಾರಣ ಹೊಳೆಯದಿದ್ದರೂ ಮೋಸ ಗೊತ್ತಾಗುತ್ತದೆ. ನಿಮಗೆ ಕಂಡ "ಪ್ಲಾಸ್ಟಿಕ್ ಹಾಳೆ" ಇದೇ.

ನಿಮ್ಮ ದೃಶ್ಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದನ್ನು ಹೇಳದೆ ಮುಂದೆ ಹೋದರೆ ಎಲ್ಲವನ್ನೂ ಸರಿಯಾಗಿ ಮಾಡಿಯೂ ನಿರಾಶೆಯಾಗುತ್ತದೆ. ನಿಮ್ಮ ಕಿಟಕಿ, ಕ್ಯಾಮೆರಾ, ಹೆರಿಂಗ್‌ಬೋನ್‌ನ V ಮೂರೂ ಒಂದೇ ಗೆರೆಯಲ್ಲಿವೆ. ಆಗ V ಆಕಾರದ ಎಡಗಾಲು, ಬಲಗಾಲು ಎರಡೂ ಬೆಳಕಿಗೆ 45 ಡಿಗ್ರಿಯಲ್ಲೇ ಇರುತ್ತವೆ, ಒಂದು ಇನ್ನೊಂದರ ಕನ್ನಡಿ ಪ್ರತಿ. ಎಳೆಯ ಮಿನುಗು ಎರಡರಲ್ಲೂ ಸಮನಾಗಿ ಬಂದು ಚಿತ್ರದ ನಡುವೆ ತಿಳಿ-ಗಾಢದ ಭೇದವೇ ಅಳಿಯುತ್ತದೆ. ಇದು ಸಾಫ್ಟ್‌ವೇರ್‌ನ ಕೊರತೆ ಅಲ್ಲ. ನಿಜವಾದ ಕೋಣೆಯಲ್ಲಿ ಅದೇ ಜಾಗದಲ್ಲಿ ನಿಂತರೂ ಹಾಗೆಯೇ ಕಾಣುತ್ತದೆ. ಕ್ಯಾಮೆರಾವನ್ನು ಒಂದು ಮೀಟರ್ ಪಕ್ಕಕ್ಕೆ ಸರಿಸಿ ಓರೆಯಾಗಿ ನೋಡಿಸಿದರೆ, ಇಲ್ಲವೇ ಪಕ್ಕದ ಬಾಗಿಲಿನಿಂದ ಸ್ವಲ್ಪ ಬೆಳಕು ಒಳಬಿಟ್ಟರೆ ಆ ಸಮತೆ ಮುರಿಯುತ್ತದೆ. ಗ್ರಾಹಕರು ನೇರ ನೋಟವೇ ಬೇಕೆಂದರೆ ಪಟ್ಟಿಗಳನ್ನು ಗೋಡೆಗೆ ಸಮಾನಾಂತರ ಮತ್ತು ಲಂಬವಾಗಿ ಹಾಸುವ ಕ್ರಮವನ್ನು ತೋರಿಸಬಹುದು. ಆಗ ಅರ್ಧ ಪಟ್ಟಿಗಳು ಬೆಳಕಿನ ಉದ್ದಕ್ಕೂ ಉಳಿದರ್ಧ ಅಡ್ಡಕ್ಕೂ ಬಂದು ಭೇದ ಎದ್ದು ಕಾಣುತ್ತದೆ. ಆದರೆ ಅದು ಹಾಸುವ ಕ್ರಮದ ಬದಲಾವಣೆ. ರೆಂಡರ್ ಚೆನ್ನಾಗಿ ಕಾಣಲಿ ಎಂದು ನೀವೇ ತೀರ್ಮಾನಿಸುವಂಥದ್ದಲ್ಲ, ಕೇಳಿಯೇ ಮಾಡಬೇಕು.

ನೆಲವನ್ನು ಪಟ್ಟಿ ಪಟ್ಟಿಯಾಗಿ ಕಟ್ಟುವುದು

ನನ್ನ ಸಲಹೆ ಒಂದೇ: ಹೆರಿಂಗ್‌ಬೋನ್ ಚಿತ್ರವನ್ನು ಬಿಟ್ಟುಬಿಡಿ, ಪಟ್ಟಿಗಳನ್ನೇ ಮಾಡೆಲ್ ಮಾಡಿ. ಭಾರವಾಗುತ್ತದೆ ಎಂಬ ಭಯ ಬೇಡ. 500 ಮಿಲಿಮೀಟರ್ ಉದ್ದ, 100 ಅಗಲದ ಪಟ್ಟಿ ಅಂದುಕೊಳ್ಳೋಣ. ನಿಮ್ಮ ನೆಲ 25.2 ಚದರ ಮೀಟರ್, ಅಂದರೆ ಸುಮಾರು 500 ಪಟ್ಟಿ. ಸೋಫಾದ ಒಂದು ದಿಂಬಿನಲ್ಲಿ ಇದಕ್ಕಿಂತ ಹೆಚ್ಚು ಪಾಲಿಗನ್ ಇರುತ್ತವೆ.

ಒಂದು ಪಟ್ಟಿಯ ಕೆಳ ಎಡಮೂಲೆಯನ್ನು (0, 0)ರಲ್ಲಿಟ್ಟು X ದಿಕ್ಕಿಗೆ ಉದ್ದವಾಗಿ ಮಲಗಿಸಿ. ಎಡಿಟ್ ಮೋಡ್‌ನಲ್ಲೇ ಅದರ ನಕಲು ಮಾಡಿ, 90 ಡಿಗ್ರಿ ತಿರುಗಿಸಿ, X 0.5ರಿಂದ 0.6ರವರೆಗೆ, Y −0.4ರಿಂದ 0.1ರವರೆಗೆ ಬರುವಂತೆ ಕೂರಿಸಿ. ಈ ಜೋಡಿಯೇ ಇಡೀ ನೆಲದ ಬೀಜ. ಅದರ ಮೇಲೆ ಎರಡು `Array` ಮಾಡಿಫೈಯರ್ ಹಾಕಿ, ಎರಡಕ್ಕೂ `Constant Offset` ಮಾತ್ರ:

```
Array 1:  (0.1,  0.1, 0)   Count 48
Array 2:  (0.5, -0.5, 0)   Count 8
```

ಪಟ್ಟಿಯ ಅಳತೆ ಬೇರೆಯಾದರೆ ಮೊದಲನೆಯದರಲ್ಲಿ ಅಗಲ, ಎರಡನೆಯದರಲ್ಲಿ ಉದ್ದ ಹಾಕಿದರಾಯಿತು. ಉದ್ದ ಅಗಲದ ಇಷ್ಟು ಪಟ್ಟು ಇರಲೇಬೇಕು ಎಂದೇನೂ ಇಲ್ಲ, ಯಾವ ಅಳತೆಗೂ ಈ ಜೋಡಣೆ ಕೂಡುತ್ತದೆ. ಇಡೀ ಹಾಸನ್ನು 45 ಡಿಗ್ರಿ ತಿರುಗಿಸಿದರೆ V ತುದಿಗಳು Y ದಿಕ್ಕಿಗೆ, ಅಂದರೆ ನಿಮ್ಮ 6 ಮೀಟರ್ ಉದ್ದದ ಕಡೆಗೆ ಮುಖ ಮಾಡುತ್ತವೆ. ಗೋಡೆಯಿಂದ ಹೊರಗೆ ಚಾಚಿದ್ದನ್ನು `Boolean` ಮಾಡಿಫೈಯರ್‌ನ `Intersect` ಬಳಸಿ ಕತ್ತರಿಸಿ. ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ `Boolean` ಎಡವುತ್ತದೆ. ಹಾಗಾಗಿ ಮೊದಲೇ ಪ್ರತಿ ಪಟ್ಟಿಯನ್ನೂ ಅರ್ಧ ಮಿಲಿಮೀಟರ್ ಚಿಕ್ಕದಾಗಿ, 499.5 × 99.5 ಮಾಡಿ, ಅಂಚಿಗೆ ಅರ್ಧ ಮಿಲಿಮೀಟರ್ `Bevel` ಕೊಡಿ. `Array`ಯಲ್ಲಿ `Merge` ಮಾತ್ರ ಆನ್ ಮಾಡಬೇಡಿ.

ಸಂದು ಕಾಣುತ್ತಿಲ್ಲವೆಂದು ಅದನ್ನು ಮೂರು ಮಿಲಿಮೀಟರ್‌ಗೆ ಏರಿಸುವವರನ್ನು ನೋಡಿದ್ದೇನೆ. 24 ಮಿಲಿಮೀಟರ್ ಲೆನ್ಸ್, 1920 ಪಿಕ್ಸೆಲ್ ಅಗಲದ ಚಿತ್ರ ಅಂದುಕೊಳ್ಳಿ. ಆರು ಮೀಟರ್ ದೂರದಲ್ಲಿ ಚಿತ್ರದ ಅಗಲಕ್ಕೆ 9 ಮೀಟರ್ ಹಿಡಿಯುತ್ತದೆ, ಅಂದರೆ ಒಂದು ಪಿಕ್ಸೆಲ್‌ಗೆ ಸುಮಾರು 4.7 ಮಿಲಿಮೀಟರ್. ಒಂದು ಮಿಲಿಮೀಟರಿನ ಸಂದು ಅಲ್ಲಿ ಕಾಣದಿರುವುದೇ ಸರಿ. ಅದು ಕಂಡರೆ ನೆಲ ಟೈಲ್ಸ್ ಆಗಿಬಿಡುತ್ತದೆ.

ಇನ್ನು ಎಳೆಯ ದಿಕ್ಕು. ಸಂದುಗೆರೆಗಳೇ ಇಲ್ಲದ, ಅಖಂಡ ಓಕ್ ಮೇಲ್ಮೈಯ ಟೆಕ್ಸ್ಚರ್ ತೆಗೆದುಕೊಳ್ಳಿ. ಮೊದಲ ಪಟ್ಟಿಯ UV ಬಿಡಿಸುವಾಗಲೇ ಪಟ್ಟಿಯ ಉದ್ದ ಚಿತ್ರದ ಎಳೆಯ ಜೊತೆ ಓಡುವಂತೆ ಕೂರಿಸಿ. ಟೆಕ್ಸ್ಚರ್ ನಿಜದಲ್ಲಿ 2 ಮೀಟರ್ ಅಗಲದ್ದಾದರೆ 500 ಮಿಲಿಮೀಟರ್ ಪಟ್ಟಿಗೆ ಅದರ ಕಾಲು ಭಾಗ ಸಲ್ಲಬೇಕು. ನಕಲು ಮಾಡುವ ಮೊದಲೇ ಇದು ಮುಗಿದಿದ್ದರೆ, ಪಟ್ಟಿ ತಿರುಗಿದಾಗ UV ಅದರ ಜೊತೆಗೇ ತಿರುಗುತ್ತದೆ. ಎಲ್ಲ ಮುಗಿದ ಮೇಲೆ ಮೇಲಿನಿಂದ ಒಂದೇ ಏಟಿಗೆ ಪ್ರೊಜೆಕ್ಟ್ ಮಾಡಿದಿರೋ, ಅರ್ಧ ಪಟ್ಟಿಗಳಲ್ಲಿ ಎಳೆ ಅಡ್ಡಡ್ಡ ಬರುತ್ತದೆ. ನನ್ನ ಮೊದಮೊದಲ ಕೆಲಸವೊಂದರಲ್ಲಿ ಹೀಗೇ ಆಗಿತ್ತು. ಕಚೇರಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಚಿತ್ರ ನೋಡಿದ ಬಡಗಿಯೊಬ್ಬರು ಮಾತ್ರ ಬೆರಳಿಟ್ಟು, "ಈ ತುಂಡು ಕೈಲಿ ಹಿಡಿದ್ರೆ ಮುರಿದುಹೋಗುತ್ತಲ್ಲ ಸಾರ್" ಅಂದರು. ಅಡ್ಡ ಎಳೆಯ ಪಟ್ಟಿ ಹಪ್ಪಳದ ಹಾಗೆ ಮುರಿಯುತ್ತದೆ, ಅದನ್ನು ಯಾರೂ ಕತ್ತರಿಸುವುದಿಲ್ಲ.

ಟೆಕ್ಸ್ಚರ್ ತಿರುಗಿಸಿದಾಗ ಬೆಳಕು ವಿಚಿತ್ರವಾಯಿತು ಎಂದಿರಲ್ಲ, ಅದರ ಗುಟ್ಟೂ ಇಲ್ಲೇ ಇರುವಂತಿದೆ. `Mapping` ನೋಡ್‌ನ `Rotation` ಬದಲಿಸಿದರೆ ಚಿತ್ರ ತಿರುಗುತ್ತದೆ, UV ಅಲ್ಲೇ ಇರುತ್ತದೆ. ನಾರ್ಮಲ್ ಮ್ಯಾಪ್‌ನ ಕೆಂಪು-ಹಸಿರು ಬಣ್ಣಗಳನ್ನು ಸೈಕಲ್ಸ್ ಆ ಹಳೆಯ UV ದಿಕ್ಕಿನಿಂದಲೇ ಓದುತ್ತದೆ. ಫಲವಾಗಿ ಎಡದಿಂದ ಬಂದ ಬೆಳಕು ಉಬ್ಬುಗಳ ಮೇಲೆ ಮುಂದಿನಿಂದ ಬಂದಂತೆ ಕಾಣುತ್ತದೆ. ದಿಕ್ಕು ಬದಲಿಸಬೇಕಾದರೆ ಮೆಶ್ಶನ್ನೋ UV ಎಡಿಟರ್‌ನಲ್ಲಿ UVಯನ್ನೋ ತಿರುಗಿಸಿ. ಎತ್ತರದ ಮ್ಯಾಪ್‌ನ ಜೊತೆ `Bump` ನೋಡ್ ಬಳಸಿದರೆ ಈ ತೊಂದರೆಯೇ ಇಲ್ಲ. `Mapping`ನಲ್ಲಿ `Location` ಸರಿಸುವುದರಿಂದ ಯಾವ ಹಾನಿಯೂ ಆಗುವುದಿಲ್ಲ.

ಆ ಸರಿಸುವಿಕೆಯನ್ನೇ ಮುಂದೆ ಬಳಸುತ್ತೇವೆ. ಶೇಡರ್‌ನ `Geometry` ನೋಡ್‌ನಲ್ಲಿ `Random Per Island` ಎಂಬ ಔಟ್‌ಪುಟ್ ಇದೆ (ಇದು ಸೈಕಲ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ). ಬಿಡಿಬಿಡಿಯಾಗಿರುವ ಪ್ರತಿ ಪಟ್ಟಿಗೂ ಅದು ಒಂದೊಂದು ಸಂಖ್ಯೆ ಕೊಡುತ್ತದೆ; `Merge` ಬೇಡವೆಂದದ್ದು ಇದಕ್ಕೇ. ಅದನ್ನು `1D`ಗೆ ಇಟ್ಟ `White Noise Texture`ಗೆ ಕೊಟ್ಟು, ಅದರ `Color` ಅನ್ನು `Mapping`ನ `Location`ಗೆ ಸೇರಿಸಿ. ಒಂದೊಂದು ಪಟ್ಟಿಯೂ ಓಕ್‌ನ ಬೇರೆ ಬೇರೆ ಜಾಗವನ್ನು ಕತ್ತರಿಸಿಕೊಳ್ಳುತ್ತದೆ. ಇದೇ ಸಂಖ್ಯೆಯಿಂದ ಬಣ್ಣದ ಗಾಢತೆಯನ್ನೂ ಸ್ವಲ್ಪ ಏರಿಳಿಸಬಹುದು. ತಿಳಿ-ಗಾಢದ ಕೆಲಸವನ್ನು ಇನ್ನು ಬೆಳಕೇ ಮಾಡುವುದರಿಂದ ಹಿಂದೆ ಬೇಕಾಗುತ್ತಿದ್ದದ್ದರ ಅರ್ಧ ಸಾಕು.

ಮರದ ಬಣ್ಣ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಹೊಸ ಇಮೇಜ್ ಮಾಡಿ `Generated Type`ನಲ್ಲಿ `Color Grid` ಆರಿಸಿ, ಅದನ್ನೇ ನೆಲಕ್ಕೆ ಹಾಕಿ ನೋಡಿ. ಅದರಲ್ಲಿನ ಅಕ್ಷರಗಳು ಪ್ರತಿ ಪಟ್ಟಿಯಲ್ಲೂ ಪಟ್ಟಿಯ ಉದ್ದಕ್ಕೆ ತಕ್ಕಂತೆ ಕೂತಿದ್ದರೆ ದಿಕ್ಕು ಸರಿ. ಎಲ್ಲ ಅಕ್ಷರಗಳೂ ಇಡೀ ನೆಲದಲ್ಲಿ ಒಂದೇ ಕಡೆ ಮುಖ ಮಾಡಿದ್ದರೆ UV ತಪ್ಪಿದೆ.

ಎರಡು ಪದರದ ಹೊಳಪು

`Principled BSDF`ನಲ್ಲಿ ವಾರ್ನಿಷ್ ಮತ್ತು ಮರವನ್ನು ಬೇರೆ ಮಾಡಿ. ಮೇಲಿನ ಪದರಕ್ಕೆ `Coat` ಇದೆ: `Weight` 1, `Roughness` 0.25ರ ಆಸುಪಾಸು, `IOR` 1.5. ಮರದ ಪದರದ `Roughness` ಅನ್ನು 0.5ರಿಂದ 0.6ಕ್ಕೆ ಏರಿಸಿ, `Anisotropic` 0.5 ಕೊಟ್ಟು, `Tangent`ಗೆ `UV Map` ಆರಿಸಿದ `Tangent` ನೋಡ್ ಜೋಡಿಸಿ. `Specular Tint`ಗೆ ಮರದ ತಿಳಿ ಛಾಯೆ ಕೊಡಿ, ಎಳೆಯ ಮಿನುಗಿಗೆ ಬಣ್ಣ ಬರುವುದು ಅದರಿಂದ. ಕಾರ್ನೆಲ್‌ನವರು ಅಳೆದ ಶಂಕುವಿಗೆ ಇದು ಸಮನಲ್ಲ, ಹತ್ತಿರದ ಅನುಕರಣೆ ಮಾತ್ರ. ಒಳಾಂಗಣದ ನೆಲಕ್ಕೆ ಧಾರಾಳವಾಗಿ ಸಾಕು.

ಮಿನುಗು ಎಳೆಗೆ ಅಡ್ಡಲಾಗಿ ಹರಡುತ್ತಿದೆಯೇ ಎಂದು ಊಹಿಸಬೇಡಿ, ನೋಡಿಕೊಳ್ಳಿ. `Coat`ನ `Weight` ಸೊನ್ನೆ ಮಾಡಿ, ಒಂದೇ ಪಟ್ಟಿಯನ್ನು ದೊಡ್ಡದಾಗಿಟ್ಟು, ಒಂದು ಸಣ್ಣ ದೀಪ ಹಾಕಿ. ಹೊಳಪಿನ ಗೆರೆ ಎಳೆಯ ಉದ್ದಕ್ಕೆ ಓಡಿದರೆ `Anisotropic Rotation` 0.25 ಮಾಡಿ, ಅಂದರೆ ಕಾಲು ಸುತ್ತು. ಆಮೇಲೆ ಇಡೀ ನೆಲದ `Base Color` ಅನ್ನು ಬೂದು ಮಾಡಿ ಓರೆ ನೋಟದಿಂದ ಒಂದು ರೆಂಡರ್ ತೆಗೆಯಿರಿ. ಬಣ್ಣವೇ ಇಲ್ಲದಿದ್ದರೂ ಹೆರಿಂಗ್‌ಬೋನ್ ತಿಳಿ-ಗಾಢವಾಗಿ ಕಾಣಬೇಕು. ಕಾಣದಿದ್ದರೆ ದಿಕ್ಕು ಇನ್ನೂ ಹೊಳಪಿಗೆ ತಲುಪಿಲ್ಲ ಎಂದರ್ಥ. ಮರದ ಬಣ್ಣ ಹಾಕಿ ಅದನ್ನು ಮುಚ್ಚಿಕೊಳ್ಳಲು ಹೋಗಬೇಡಿ.

ತುಂಬ ಜನ ಮಾಡುವ ಇನ್ನೊಂದು ತಪ್ಪು, ಬಣ್ಣದ ಚಿತ್ರವನ್ನೇ ಕಪ್ಪು-ಬಿಳುಪು ಮಾಡಿ `Bump`ಗೂ `Roughness`ಗೂ ಹಾಕುವುದು. ವಾರ್ನಿಷ್ ಹಚ್ಚಿದ ನೆಲದಲ್ಲಿ ಗಾಢ ಎಳೆ ಇರುವುದು ಪದರದ ಕೆಳಗೆ, ಮೇಲೆ ಕೈಯಾಡಿಸಿದರೆ ನುಣುಪು. ಎಳೆಯನ್ನೇ ಗುಂಡಿಯಾಗಿಸಿದರೆ ಕಿಟಕಿಯ ಪ್ರತಿಬಿಂಬ ಚೂರುಚೂರಾಗಿ ಮರ ಒಣಗಿದ ತೊಗಟೆಯಂತೆ ಕಾಣುತ್ತದೆ. ಬ್ರಷ್ ಹೊಡೆದು ಎಣ್ಣೆ ಹಚ್ಚಿದ ಓಕ್‌ಗಾದರೆ ರಂಧ್ರಗಳು ಕೈಗೆ ಸಿಗುತ್ತವೆ, ಅಲ್ಲಿ ಸಣ್ಣ `Bump` ಸಲ್ಲುತ್ತದೆ. ವಾರ್ನಿಷ್ ನೆಲದ `Coat`ನ `Roughness`ಗೆ ಬೇಕಾದದ್ದು ಎಳೆಗೆ ಸಂಬಂಧವಿಲ್ಲದ, ಒರೆಸಿದ ಕಲೆಯಂಥ ದೊಡ್ಡ ಮೃದು ಏರಿಳಿತ. 0.22ರಿಂದ 0.32ರ ನಡುವೆ ಸಾಕು. ಅದಕ್ಕೆ ಇಮೇಜ್ ಬಳಸಿದರೆ `Color Space` ಅನ್ನು `Non-Color` ಮಾಡುವುದನ್ನು ಮರೆಯಬೇಡಿ.

ಇನ್ನು ನನಗೆ ಅತಿ ಇಷ್ಟವಾದ ಭಾಗ. ನಿಜವಾದ ನೆಲದಲ್ಲಿ ಯಾವ ಪಟ್ಟಿಯೂ ಪೂರ್ತಿ ಮಟ್ಟವಾಗಿರುವುದಿಲ್ಲ. ಕಾಲು ಡಿಗ್ರಿಯಷ್ಟು ವಾಲಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಆದರೆ ಮೇಲ್ಮೈ ವಾಲಿದ್ದಕ್ಕಿಂತ ಪ್ರತಿಫಲಿತ ಕಿರಣ ಎರಡು ಪಟ್ಟು ವಾಲುತ್ತದೆ. 0.29 ಡಿಗ್ರಿ ವಾಲಿದ ಪಟ್ಟಿ ಕಿರಣವನ್ನು 0.57 ಡಿಗ್ರಿ ತಿರುಗಿಸುತ್ತದೆ. ನಾಲ್ಕು ಮೀಟರ್ ಆಚೆಯ ಕಿಟಕಿಯ ಚೌಕಟ್ಟು ಆ ಪಟ್ಟಿಯೊಳಗೆ ಸುಮಾರು ನಾಲ್ಕು ಸೆಂಟಿಮೀಟರ್ ಜರುಗಿದಂತೆ ಕಾಣುತ್ತದೆ. ಪ್ರತಿಬಿಂಬದ ಅಂಚು ಪಟ್ಟಿಯಿಂದ ಪಟ್ಟಿಗೆ ಹೀಗೆ ತುಂಡಾಗಿ ಜರುಗುವುದನ್ನೇ ನೋಡಿ ಕಣ್ಣು "ಇದು ಹಾಸಿದ ನೆಲ" ಎಂದು ಒಪ್ಪಿಕೊಳ್ಳುತ್ತದೆ. ಅದೇ `White Noise Texture`ನ `Color` ತೆಗೆದುಕೊಂಡು `Vector Math` ನೋಡ್‌ಗಳಲ್ಲಿ ಇಷ್ಟು ಮಾಡಿ:

```
N' = normalize(N + (noise - 0.5) * 0.01)
```

N ಎಂದರೆ `Geometry` ನೋಡ್‌ನ `Normal`. ಫಲಿತಾಂಶವನ್ನು `Normal`ಗೂ `Coat Normal`ಗೂ ಕೊಡಬೇಕು. ಎರಡನೆಯದನ್ನು ಮರೆತರೆ ಕಿಟಕಿಯ ಪ್ರತಿಬಿಂಬ ಕನ್ನಡಿಯಂತೆ ಅಖಂಡವಾಗಿಯೇ ಉಳಿಯುತ್ತದೆ. 0.01 ಅನ್ನು 0.03ಕ್ಕೆ ಏರಿಸಿದರೆ ನೆಲ ನೀರು ಕುಡಿದು ಎದ್ದಂತಾಗುತ್ತದೆ.

ಕಿಟಕಿಯ ಬಿಳಿ ಪಟ್ಟೆ

ಗೆಳೆಯರ ಸಲಹೆಯಲ್ಲಿ ಎಡವಟ್ಟಾದದ್ದು ಇಲ್ಲಿ. `IOR` 1.5ರ ಪದರ ನೇರ ಮೇಲಿನಿಂದ ನೋಡಿದಾಗ ಬೆಳಕಿನ 4 ಶೇಕಡಾ ಮಾತ್ರ ಹಿಂತಿರುಗಿಸುತ್ತದೆ. ಓರೆ ಹೆಚ್ಚಿದಂತೆ ಇದು ಭರ್ರನೆ ಏರುತ್ತದೆ. ನಿಮ್ಮ ಕ್ಯಾಮೆರಾ 1.2 ಮೀಟರ್ ಎತ್ತರದಲ್ಲಿದೆ. ಎರಡು ಮೀಟರ್ ಮುಂದಿನ ನೆಲವನ್ನು ಅದು ಸುಮಾರು 59 ಡಿಗ್ರಿ ಓರೆಯಲ್ಲಿ ನೋಡುತ್ತದೆ, ಅಲ್ಲಿ ಪ್ರತಿಫಲನ 8.5 ಶೇಕಡಾದ ಹತ್ತಿರ. ನಾಲ್ಕೂವರೆ ಮೀಟರ್ ದೂರದಲ್ಲಿ ಓರೆ 75 ಡಿಗ್ರಿ, ಪ್ರತಿಫಲನ 25 ಶೇಕಡಾ. ಹೊರಗಿನ ಆಕಾಶ ಕೋಣೆಯ ಮರಕ್ಕಿಂತ 30 ಪಟ್ಟು ಪ್ರಕಾಶವಾಗಿದೆ ಎಂದುಕೊಂಡರೆ, ಅದರ ಕಾಲು ಭಾಗವೂ ಮರಕ್ಕಿಂತ ಏಳೂವರೆ ಪಟ್ಟು ಹೆಚ್ಚು. ಮರ ಮುಚ್ಚಿಹೋಗದೆ ಇನ್ನೇನಾದೀತು? `Roughness` ಇಳಿಸಿದಷ್ಟೂ ಆ ಪಟ್ಟೆ ಇನ್ನೂ ಚೂಪಾಗಿ, ಇನ್ನೂ ಬೆಳ್ಳಗಾಗುತ್ತದೆ, ಮರಕ್ಕೆ ಏನೂ ದಕ್ಕುವುದಿಲ್ಲ.

ನಾನು ಮೊದಲು ಮುಟ್ಟುವುದು ಕ್ಯಾಮೆರಾವನ್ನು. ಅದನ್ನು 1.6 ಮೀಟರ್‌ಗೆ ಏರಿಸಿದರೆ ಅದೇ ನಾಲ್ಕೂವರೆ ಮೀಟರ್ ದೂರದ ನೆಲದಲ್ಲಿ ಪ್ರತಿಫಲನ 25ರಿಂದ ಸುಮಾರು 18 ಶೇಕಡಾಕ್ಕೆ ಇಳಿಯುತ್ತದೆ. ನಷ್ಟವೂ ಇದೆ: ಕೋಣೆಯ ಎತ್ತರದ ಭಾವ ಸ್ವಲ್ಪ ಕುಗ್ಗುತ್ತದೆ, ಮೇಜಿನ ಮೇಲ್ಭಾಗಗಳು ಹೆಚ್ಚು ಕಾಣತೊಡಗುತ್ತವೆ. ಎರಡನೆಯದು ಕಿಟಕಿಗೆ ತೆಳು ಪರದೆ. ಮೂಲದಲ್ಲೇ ಪ್ರಕಾಶ ತಗ್ಗುವುದರಿಂದ ಯಾವ ಸುಳ್ಳೂ ಹೇಳಬೇಕಾಗಿಲ್ಲ, ಆದರೆ ಹೊರಗಿನ ನೋಟ ಹೋಗುತ್ತದೆ. `View Transform` ಇನ್ನೂ `Standard`ನಲ್ಲೇ ಇದ್ದರೆ `AgX`ಗೆ ಬದಲಿಸಿ. ತುಂಬ ಪ್ರಕಾಶದ ಜಾಗ ಒಮ್ಮೆಲೇ ಬಿಳಿಯಾಗದೆ ಮೆಲ್ಲಗೆ ಮಾಸುತ್ತದೆ.

ಇಷ್ಟಾದ ಮೇಲೂ ಸಾಲದಿದ್ದರೆ ಕೈಚಳಕ. `Light Path` ನೋಡ್‌ನ `Is Glossy Ray` ಬಳಸಿ, ಹೊಳಪಿನ ಕಿರಣಗಳಿಗೆ ಮಾತ್ರ `World`ನ ಪ್ರಕಾಶವನ್ನು ಅರ್ಧ ಮಾಡಬಹುದು. ಇದರ ಅಪಾಯವೆಂದರೆ ನೆಲ ಒಂದೇ ಅಲ್ಲ, ಲೋಟ, ನಲ್ಲಿ, ಟಿವಿ ಪರದೆ ಎಲ್ಲವೂ ಮಂಕಾಗುತ್ತವೆ. ನನಗೆ ಹಿಡಿಸುವುದು ಕಂಪೋಸಿಟರ್‌ನ ದಾರಿ. `Glossy Direct`, `Glossy Indirect`, `Glossy Color` ಪಾಸ್‌ಗಳನ್ನು ಬೇರೆಯಾಗಿ ತೆಗೆದಿಟ್ಟು, ನೆಲದ ಮಾಸ್ಕ್ ಒಳಗೆ ಮಾತ್ರ ಹೊಳಪನ್ನು 70 ಶೇಕಡಾಕ್ಕೆ ಇಳಿಸಿ. ಇದಕ್ಕಿಂತ ಕೆಳಗೆ ಹೋದರೆ ಕುರ್ಚಿಯ ಕಾಲುಗಳ ಪ್ರತಿಬಿಂಬವೂ ಮಾಯವಾಗಿ ಪೀಠೋಪಕರಣ ಗಾಳಿಯಲ್ಲಿ ತೇಲುತ್ತದೆ. ಎಳೆಯ ಮಿನುಗೂ ಇದೇ ಪಾಸ್‌ನಲ್ಲಿದೆ, ಅದೂ ಜೊತೆಗೇ ಇಳಿಯುತ್ತದೆ. ಇದನ್ನು ಮೋಸವೆಂದು ಸಂಕೋಚಪಡಬೇಡಿ. ಒಳಾಂಗಣದ ಫೋಟೊಗ್ರಾಫರ್‌ಗಳು ಲೆನ್ಸ್‌ಗೆ ಪೋಲರೈಸರ್ ಹಾಕಿ ನೆಲದ ಹೊಳಪನ್ನು ತಗ್ಗಿಸುವುದೂ ಇದೇ ಕೆಲಸ. ಅವರ ಪೋಲರೈಸರ್ ಅತಿ ಚೆನ್ನಾಗಿ ಕೆಲಸ ಮಾಡುವುದು 56 ಡಿಗ್ರಿ ಓರೆಯ ಸುತ್ತ. ಹಾಗಾಗಿ ಅವರ ಚಿತ್ರಗಳಲ್ಲೂ ದೂರದ ನೆಲದಲ್ಲಿ ಕಿಟಕಿಯ ಬೆಳ್ಳಿ ಉಳಿದೇ ಇರುತ್ತದೆ. ನೀವೂ ಪೂರ್ತಿ ಒರೆಸಬೇಡಿ.

`Clamp Indirect` ಅನ್ನು ತೀರ ಕೆಳಗಿಟ್ಟು ಇದನ್ನು ಸಾಧಿಸಲು ಹೋಗುವವರಿದ್ದಾರೆ. ಪಟ್ಟೆ ಇಳಿಯಲಿ ಬಿಡಲಿ, ಕೋಣೆಯ ಬೆಳಕಂತೂ ಸತ್ತುಹೋಗುತ್ತದೆ.

ಅದೇ ಕೋಣೆಗೆ ಅಗಲ ಹಲಗೆ

ಶೇಡರ್ ಇದೇ ಇರಲಿ, ಜೋಡಣೆ ಮಾತ್ರ ಬೇರೆ. ಹೆರಿಂಗ್‌ಬೋನ್‌ನಲ್ಲಿ 500 ತುಂಡುಗಳ ಗದ್ದಲದಲ್ಲಿ ಟೆಕ್ಸ್ಚರ್ ಮರುಕಳಿಸಿದರೂ ಯಾರಿಗೂ ತಿಳಿಯದು. 220 ಮಿಲಿಮೀಟರ್ ಅಗಲ, 2.2 ಮೀಟರ್ ಉದ್ದದ ಹಲಗೆಯಾದರೆ ಇಡೀ ಹಾಲ್‌ಗೆ 55ರ ಆಸುಪಾಸು, ಪ್ರತಿಯೊಂದೂ ಎದ್ದು ಕಾಣುತ್ತದೆ. ಒಂದೇ ಗಂಟು ಎರಡು ಕಡೆ ಕಂಡರೆ ಆಟ ಮುಗಿಯಿತು. ಗಂಟುಗಳಿಲ್ಲದ, ಶಾಂತ ಎಳೆಯ ಟೆಕ್ಸ್ಚರ್ ತೆಗೆದುಕೊಳ್ಳಿ, ಅಥವಾ ಎರಡು ಮೂರು ಬೇರೆ ಹಾಳೆಗಳನ್ನು ಬೆರೆಸಿ. ಕಿರಿದಾದ ಹಲಗೆಯ ಚಿತ್ರವನ್ನು ಹಿಗ್ಗಿಸಿ ಅಗಲ ಹಲಗೆ ಮಾಡಬೇಡಿ. ಎಳೆಯೂ ಹಿಗ್ಗುತ್ತದೆ, ಕೋಣೆ ಗೊಂಬೆಮನೆಯಂತೆ ಕಾಣುತ್ತದೆ.

ಅಗಲಕ್ಕೆ 4.2 ಮೀಟರ್. ಒಂದು ಗೋಡೆಯಿಂದ 220ರ ಹಲಗೆಗಳನ್ನು ಹಾಸುತ್ತ ಹೋದರೆ 19 ಹಿಡಿಯುತ್ತವೆ, ಕೊನೆಗೆ 20 ಮಿಲಿಮೀಟರಿನ ಸೀಳು ಉಳಿಯುತ್ತದೆ. ನೆಲ ಹಾಸುವವರು ಆ ಸೀಳನ್ನು ಎಂದೂ ಬಿಡುವುದಿಲ್ಲ. ನಡುವೆ 18 ಪೂರ್ಣ ಹಲಗೆ, ಎರಡೂ ಬದಿಗೆ 120ರ ಒಂದೊಂದು ಎಂದು ಹಂಚಿಕೊಳ್ಳುತ್ತಾರೆ. ಮರ ಹಿಗ್ಗಲೆಂದು ಗೋಡೆಯ ಪಕ್ಕ ಬಿಡುವ ಜಾಗ ಸ್ಕರ್ಟಿಂಗ್ ಅಡಿ ಮುಚ್ಚಿಹೋಗುತ್ತದೆ. ಅಕ್ಕಪಕ್ಕದ ಸಾಲುಗಳ ತುದಿಸಂದುಗಳು ಒಂದು ಅಡಿಯಾದರೂ ದೂರವಿರಲಿ, ಮೆಟ್ಟಿಲಿನ ಹಾಗೆ ಸಮ ಅಂತರದಲ್ಲಿ ಇಳಿಯದಿರಲಿ. `Array`ಯಿಂದ ಮಾಡಿದ ನೆಲ ಸಿಕ್ಕಿಬೀಳುವುದು ಆ ಮೆಟ್ಟಿಲಿನಿಂದಲೇ. ಇಲ್ಲಿ ಸಾಲುಗಳನ್ನು ಕೈಯಾರೆ ಸರಿಸುವ ಅರ್ಧ ಗಂಟೆ ವ್ಯರ್ಥವಲ್ಲ.

ದಿಕ್ಕಿನ ವಿಷಯದಲ್ಲಿ ನಿಮ್ಮ ಹಾಲ್‌ಗೆ ಕಿಟಕಿಯ ಕಡೆಗೆ ಉದ್ದವಾಗಿ ಓಡುವ ಹಲಗೆಯೇ ನನ್ನ ಆಯ್ಕೆ. ಬೆಳಕು ಸಂದಿನ ಜೊತೆಗೇ ಜಾರಿಹೋಗಿ ಅಂಚುಗಳು ಶಾಂತವಾಗಿರುತ್ತವೆ, ಕಿಟಕಿಯ ಪ್ರತಿಬಿಂಬದ ಬದಿಗಳು ಮಾತ್ರ ಹಲಗೆಯಿಂದ ಹಲಗೆಗೆ ಅಷ್ಟಿಷ್ಟು ಜರುಗುತ್ತವೆ. ಅಡ್ಡ ಹಾಸಿದರೆ ಪ್ರತಿ ಸಂದಿನ ಇಳಿಜಾರೂ ಬೆಳಕನ್ನು ಹಿಡಿದು ಗೆರೆಯಾಗುತ್ತದೆ. ವಾಲಿದ ಹಲಗೆಗಳು ಪ್ರತಿಬಿಂಬವನ್ನು ಅಡ್ಡ ಪಟ್ಟೆಗಳಾಗಿ ಕೊಯ್ಯುತ್ತವೆ, 75 ಡಿಗ್ರಿ ಓರೆಯಲ್ಲಿ ಅವು ಇನ್ನೂ ಒತ್ತಾಗಿ ಕಾಣುತ್ತವೆ. ಗ್ರಾಹಕರು ಅಡ್ಡವೇ ಬೇಕೆಂದರೆ ಮೇಲಿನ ಸೂತ್ರದ 0.01 ಅನ್ನು 0.005ಕ್ಕೆ ಇಳಿಸಿ, `Bevel` ಅನ್ನು ಅರ್ಧ ಮಿಲಿಮೀಟರ್‌ಗಿಂತ ಮೇಲೆ ಹೋಗಗೊಡಬೇಡಿ.